ಕಣ್ಣಿಗೆ ಉಗುರು ತಾಗಿದರೆ ಪಟ್ಟಿ ಬೇಡ



ಕಣ್ಣಿಗೆ ಚೆಂಡು ಬಡಿದರೆ ಮನೆಮಂದಿಯೆಲ್ಲ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಆದರೆ ತೊಡೆಯ ಮೇಲಿನ ಕೂಸಿನ ಉಗುರು ಕಣ್ಣಿಗೆ ತಾಗಿದರೆ "ಅಷ್ಟೇ ತಾನೇ, ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ" ಎನ್ನುತ್ತಾರೆ. ಮುಂಬಯಿಯಲ್ಲಿ ಇರುವ ನಮಗೆ ಇಂಥ ಸಣ್ಣ ಗೀರಿಗೆ ಅವಕಾಶಗಳು ಬೇಕಾದಷ್ಟಿವೆ. ಕಾಂಜೂರ್‌ಮಾರ್ಗ್‌ನಲ್ಲಿ ಲೋಕಲ್ ಹತ್ತುವಾಗ ಪಕ್ಕದವರು ಮೇಲಿನ ಹಿಡಿಕೆಗೆಂದು ಎತ್ತಿದ ಕೈಯ ಬೆರಳು ತಾಗಬಹುದು. ಪವಾಯಿಯ ಸೊಸೈಟಿ ತೋಟದಲ್ಲಿ ಬಿದ್ದ ಚೆಂಡು ಹುಡುಕಲು ಬಗ್ಗಿದಾಗ ಅಲಂಕಾರದ ತಾಳೆಗಿಡದ ಗರಿ ಚುಚ್ಚಬಹುದು. ತುಳಸಿ ಪೂಜೆಯ ದಿನ ಬಾಲ್ಕನಿಯ ಕಟ್ಟೆಗೆ ಕಬ್ಬು ಕಟ್ಟುವಾಗ ಅದರ ಗರಗಸದಂಥ ಎಲೆ ಸವರಬಹುದು. ಮೇ ತಿಂಗಳಲ್ಲಿ ಊರಿಗೆ ಹೋದಾಗ ತೋಟದ ಪೊದೆಯಲ್ಲಿ ನುಗ್ಗುವ ಸಂಭ್ರಮವಂತೂ ಇದ್ದೇ ಇದೆ.

ಹೀಗೆ ಆದಾಗ ಹಿರಿಯರು ಮೊದಲು ಹೇಳುವ ಮಾತು, "ಹತ್ತಿಯಿಟ್ಟು ಪಟ್ಟಿ ಕಟ್ಟು, ಕಣ್ಣಿಗೆ ವಿಶ್ರಾಂತಿ ಸಿಗಲಿ" ಎಂದು. ಅವರ ತಪ್ಪೇನಿಲ್ಲ. ಅವರ ಕಾಲದಲ್ಲಿ ವೈದ್ಯರೇ ಹಾಗೆ ಕಟ್ಟಿ ಕಳಿಸುತ್ತಿದ್ದರು. ಇಂದು ಆ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಡಲಾಗಿದೆ. ಏಕೆ ಬಿಟ್ಟರು, ಪಟ್ಟಿಯಿಲ್ಲದೆ ಗಾಯ ಕೂಡುವುದು ಹೇಗೆ, ಉಗುರಿನ ಗಾಯಕ್ಕೂ ಎಲೆಯ ಗಾಯಕ್ಕೂ ಇರುವ ವ್ಯತ್ಯಾಸವೇನು ಎಂಬುದೇ ಈ ಸಲದ ಅಂಕಣದ ವಿಷಯ.

ಗೀರು ಬೀಳುವುದು ಎಲ್ಲಿಗೆ?

ಕನ್ನಡಿಯಲ್ಲಿ ನೋಡಿದರೆ ಕಣ್ಣಿನ ನಡುವೆ ಕಪ್ಪು ಅಥವಾ ಕಂದು ವರ್ತುಲ ಕಾಣುತ್ತದಷ್ಟೆ. ಆ ಬಣ್ಣ ಒಳಗಿನದು. ಅದರ ಮುಂದೆ, ಗಡಿಯಾರದ ಮುಖಕ್ಕೆ ಗಾಜು ಕೂರಿಸಿದಂತೆ, ಬಣ್ಣವಿಲ್ಲದ ಒಂದು ಪಾರದರ್ಶಕ ಪಟಲವಿದೆ. ಇದೇ ಕಾರ್ನಿಯಾ. ನಡುಭಾಗದಲ್ಲಿ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಈ ಅರ್ಧ ಮಿಲಿಮೀಟರಿನ ಅತಿ ಹೊರಗಿನ ಹತ್ತನೇ ಒಂದು ಪಾಲು ಮಾತ್ರ ಅದರ ಮೇಲ್ಪದರ. ತಲೆಗೂದಲಿನ ದಪ್ಪಕ್ಕಿಂತಲೂ ತೆಳ್ಳಗಿರುವ ಈ ಪದರದಲ್ಲಿ ಜೀವಕೋಶಗಳು ಐದಾರು ಸಾಲಾಗಿ ಒಂದರ ಮೇಲೊಂದು ಕೂತಿರುತ್ತವೆ.

ಕಾರ್ನಿಯಾ ಪದರ ಪದರವಾಗಿದೆ ಎಂಬುದಕ್ಕೆ ನಿಮಗೆಲ್ಲ ಗೊತ್ತಿರುವ ಒಂದು ನಿದರ್ಶನವಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿದರು. ಹಾಗಾಗಿ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು.

ಉಗುರಿನ ಗೀರು ಸಾಮಾನ್ಯವಾಗಿ ಎಬ್ಬಿಸುವುದು ಮೇಲ್ಪದರವನ್ನು ಮಾತ್ರ. ಆ ಪದರ ಮತ್ತೆ ಬೆಳೆಯುತ್ತದೆ, ಕಲೆ ಉಳಿಯುವುದಿಲ್ಲ. ಗಾಯ ಅದಕ್ಕಿಂತ ಕೆಳಗಿಳಿದರೆ, ಇಲ್ಲವೇ ಗಾಯದ ದಾರಿಯಲ್ಲಿ ಸೋಂಕು ಒಳಹೊಕ್ಕರೆ, ಗಾಜು ಮಸುಕಾಗಿ ಬಿಳಿ ಕಲೆ ನಿಲ್ಲುತ್ತದೆ. ಊರಿನಲ್ಲಿ "ಕಣ್ಣಿಗೆ ಹೂವು ಬಿದ್ದಿದೆ" ಎನ್ನುವುದು ಇದನ್ನೇ. ನಿಮ್ಮ ಮರಾಠಿ ಗೆಳೆಯರೂ 'ಫೂಲ್ ಪಡಣೇ' ಎಂದು ಇದೇ ಮಾತನ್ನು ಆಡುತ್ತಾರೆ. ಚಿಕಿತ್ಸೆಯ ಉದ್ದೇಶ ಗೀರನ್ನು ಮಾಯಿಸುವುದಕ್ಕಿಂತ ಹೆಚ್ಚಾಗಿ ಈ ಹೂವು ಬೀಳದಂತೆ ನೋಡಿಕೊಳ್ಳುವುದು. ಗೀರು ತಾನಾಗಿಯೇ ಮಾಯುತ್ತದೆ.

ಇಷ್ಟು ನೋವೇಕೆ?

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಆದರೆ ನರಗಳ ತುದಿಗಳು ಚರ್ಮದಲ್ಲಿ ಇರುವುದಕ್ಕಿಂತ ನೂರಾರು ಪಟ್ಟು ದಟ್ಟವಾಗಿವೆ. ಮೇಲ್ಪದರ ಎದ್ದುಹೋದಾಗ ಆ ತುದಿಗಳು ಬರಿಯದಾಗುತ್ತವೆ. ರೆಪ್ಪೆ ಬಡಿದಾಗಲೆಲ್ಲ ಅವುಗಳ ಮೇಲೆ ಉಜ್ಜಿದಂತಾಗುತ್ತದೆ.

ಗೀರು ಬಿದ್ದ ಕೂಡಲೇ ಚುರುಕ್ಕೆಂದು ನೋವು, ಧಾರಾಕಾರ ನೀರು. ಸ್ವಲ್ಪ ಹೊತ್ತಿನಲ್ಲಿ ಮರಳು ಹೊಯ್ದಂತೆ ಚುಚ್ಚತೊಡಗುತ್ತದೆ. ಇಲ್ಲಿ ಒಂದು ವಿಚಿತ್ರವಿದೆ. ಕಣ್ಣಿನಲ್ಲಿ ಏನೂ ಇಲ್ಲದಿದ್ದರೂ ಮೇಲಿನ ರೆಪ್ಪೆಯ ಅಡಿಯಲ್ಲಿ ಕಸ ಕೂತಂತೆ ಭಾಸವಾಗುತ್ತದೆ. ರೆಪ್ಪೆ ಗಾಯದ ಮೇಲೆ ಹಾಯುವಾಗ ಏಳುವ ನೋವನ್ನು ಮಿದುಳು ಕಸವೆಂದೇ ಓದಿಕೊಳ್ಳುತ್ತದೆ. ಇಲ್ಲದ ಕಸವನ್ನು ತೆಗೆಯಲು ಹೋಗಿ ಜನ ಗಾಯವನ್ನು ಇನ್ನಷ್ಟು ಕೆದಕಿಕೊಳ್ಳುವುದು ಈ ಹಂತದಲ್ಲೇ.

ಕಣ್ಣು ಕೆಂಪಾಗುತ್ತದೆ, ರೆಪ್ಪೆ ತಾನಾಗಿಯೇ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಒಂದೆರಡು ಗಂಟೆ ಕಳೆದ ಮೇಲೆ ಬೆಳಕು ನೋಡಲಾಗದು. ಗಾಯದಿಂದಾಗಿ ಕಣ್ಣಿನೊಳಗಿನ ಸಣ್ಣ ಸ್ನಾಯು ಸೆಡೆತುಕೊಂಡಿರುತ್ತದೆ, ಬೆಳಕಿಗೆ ಪಾಪೆ ಕುಗ್ಗುವಾಗ ಒಳಗೊಳಗೇ ಹಿಂಡಿದಂಥ ನೋವು ಬರುತ್ತದೆ. ಗೀರು ನಡುಮಧ್ಯದಲ್ಲಿದ್ದರೆ ದೃಷ್ಟಿಯೂ ಮಂಜಾಗುತ್ತದೆ, ಅಂಚಿನಲ್ಲಿದ್ದರೆ ಅಷ್ಟಾಗಿ ಆಗದು.

ಮೊದಲ ಅರ್ಧ ಗಂಟೆ

ಮೊದಲು ಕೈ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಕುಡಿಯುವ ನೀರನ್ನು ಶುಭ್ರವಾದ ಲೋಟದಿಂದ ನಿಧಾನವಾಗಿ ಕಣ್ಣಿಗೆ ಹರಿಸುತ್ತಾ ರೆಪ್ಪೆ ಬಡಿಯಿರಿ. ಮಣ್ಣಿನ ಕಣ, ಎಲೆಯ ಚೂರು ಏನಾದರೂ ಇದ್ದರೆ ಹೊರಬರುತ್ತದೆ. ಬಳಿಕ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಮೇಲಿನ ಕ್ಯಾಲೆಂಡರ್ ಓದಿ ನೋಡಿ. ಗಾಯವಾದ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದು ವೈದ್ಯರಿಗೆ ಹೇಳಬೇಕಾದ ಮೊದಲ ಸಂಗತಿ.

ಏನು ಮಾಡಬಾರದು ಎಂಬ ಪಟ್ಟಿ ನಮ್ಮ ಮನೆಗಳಲ್ಲಿ ತುಸು ಉದ್ದವಾಗಿಯೇ ಇದೆ. ಸೆರಗಿನ ಉಂಡೆಗೆ ಬಾಯಿಂದ ಊದಿ ಮುಚ್ಚಿದ ರೆಪ್ಪೆಗೆ ಹಗುರವಾಗಿ ಶಾಖ ಕೊಡುವುದು ಪ್ರೀತಿಯ ಉಪಚಾರ. ಆದರೆ ತೆರೆದ ಗಾಯದ ಹತ್ತಿರ ಉಸಿರಿನ ತೇವವನ್ನು ಒಯ್ಯದಿರುವುದೇ ಒಳ್ಳೆಯದು, ಒತ್ತುವುದಂತೂ ಕೂಡದು. ನಾಲಗೆಯ ತುದಿಯಿಂದ ಕಸ ತೆಗೆಯುವುದು, ಎದೆಹಾಲು, ಹರಳೆಣ್ಣೆ, ಜೇನು, ನಂದಿಬಟ್ಟಲು ಹೂವಿನ ರಸ ಬಿಡುವುದು ಇವೆಲ್ಲವನ್ನೂ ದೂರವಿಡಿ. ಇಡಿಯಾದ ಕಣ್ಣಿಗೆ ಇವು ಬಿದ್ದಾಗ ಏನೂ ಆಗದಿರಬಹುದು. ಮೇಲ್ಪದರ ಎದ್ದುಹೋದ ಕಣ್ಣಿಗೆ ಬಾಗಿಲಿಲ್ಲ. ಹಾಲಿನಲ್ಲೋ ಎಂಜಲಿನಲ್ಲೋ ಇರುವ ಕ್ರಿಮಿ ನೇರವಾಗಿ ಒಳಗಿಳಿಯುತ್ತದೆ. ಅಜ್ಜಿಗೆ ಎದುರು ವಾದಿಸುವುದು ಕಷ್ಟವಾದರೆ "ಡಾಕ್ಟರ್ ನೋಡಿದ ಮೇಲೆ ಹಾಕೋಣ ಅಜ್ಜಿ" ಎಂದು ಹೇಳಿ ಹೊರಡಿ.

ವೈದ್ಯರು ನೋಡುವುದು ಹೇಗೆ?

ಕಣ್ಣು ತೆರೆಯಲಾಗದೆ ಕೂತ ನಿಮಗೆ ವೈದ್ಯರು ಒಂದು ಹನಿ ಮದ್ದು ಬಿಡುತ್ತಾರೆ. ಅರ್ಧ ನಿಮಿಷದಲ್ಲಿ ನೋವು ಮಾಯವಾಗಿ ಕಣ್ಣು ತಾನೇ ತೆರೆಯುತ್ತದೆ. ಇದು ಮೇಲ್ಮೈಯನ್ನು ಮರಗಟ್ಟಿಸುವ ಔಷಧ, ಪರಿಣಾಮ ಕಾಲು ಗಂಟೆಯಷ್ಟು ಮಾತ್ರ. "ಈ ಡ್ರಾಪ್ಸ್ ಮನೆಗೆ ಕೊಡಿ ಡಾಕ್ಟರೇ" ಎಂದು ಕೇಳದವರು ಕಡಿಮೆ. ವೈದ್ಯರು ಕೊಡುವುದಿಲ್ಲ, ಅದಕ್ಕೆ ಕಾರಣವಿದೆ. ಪದೇ ಪದೇ ಹಾಕಿದರೆ ಅದು ಹೊಸ ಕೋಶಗಳಿಗೆ ವಿಷವಾಗಿ ಗಾಯ ಕೂಡುವುದನ್ನೇ ತಡೆಯುತ್ತದೆ. ನೋವಿನ ಅರಿವಿಲ್ಲದ ಕಣ್ಣನ್ನು ನೀವು ಉಜ್ಜಿಕೊಂಡರೂ ತಿಳಿಯದು.

ಅನಂತರ ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಮೇಲ್ಪದರ ಇಡಿಯಾಗಿರುವಲ್ಲಿ ಬಣ್ಣ ನಿಲ್ಲದು. ಎದ್ದುಹೋದ ಕಡೆ ಮಾತ್ರ ನಿಂತು ಹಸಿರಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಗಾಯದ ನಕ್ಷೆ ಹೀಗೆ ಎದ್ದು ಕಾಣುತ್ತದೆ. ಉಗುರಿನ ಗೀರು ಸಾಮಾನ್ಯವಾಗಿ ಬಿಲ್ಲಿನಂತೆ ಬಾಗಿದ ಒಂದೇ ಗಾಯವಾಗಿರುತ್ತದೆ. ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಸಣ್ಣ ಗೆರೆಗಳು ಕಂಡರೆ ಮೇಲುರೆಪ್ಪೆಯ ಒಳಗೆ ನಿಜವಾಗಿಯೂ ಕಸ ಅಂಟಿದೆ ಎಂದರ್ಥ. ಆಗ ವೈದ್ಯರು ರೆಪ್ಪೆಯನ್ನು ಮಗುಚಿ ಕಸ ತೆಗೆಯುತ್ತಾರೆ. ಪಾಪೆ ದುಂಡಗಿರದೆ ಒಂದು ಕಡೆಗೆ ಎಳೆದಂತಿದ್ದರೆ ಗಾಯ ಆರಪಾರಾಗಿರಬಹುದು. ಅದು ಆಪರೇಷನ್ ಥಿಯೇಟರಿನ ವಿಷಯ, ಈ ಲೇಖನದ್ದಲ್ಲ.

ಕೇವಲ ಮೇಲ್ಪದರದ ಗಾಯವಾದರೆ ಚಿಕಿತ್ಸೆ ಸರಳ. ಸೋಂಕು ತಡೆಯುವ ಮುಲಾಮು ಅಥವಾ ಡ್ರಾಪ್ಸ್ ದಿನಕ್ಕೆ ಸುಮಾರು ನಾಲ್ಕು ಬಾರಿ, ಮೂರರಿಂದ ಐದು ದಿನ. ನೋವಿಗೆ ಪ್ಯಾರಾಸಿಟಮಾಲ್‌ನಂಥ ಮಾತ್ರೆ. ಬೆಳಕು ಚುಚ್ಚಿದರೆ ತಂಪು ಕನ್ನಡಕ. ಗಾಯ ದೊಡ್ಡದಿದ್ದರೆ ಮರುದಿನವೇ, ಸಣ್ಣದಿದ್ದರೆ ಎರಡು ದಿನ ಬಿಟ್ಟು ಮತ್ತೊಮ್ಮೆ ಬಣ್ಣ ಹಾಕಿ ನೋಡುತ್ತಾರೆ. ಇಷ್ಟೇ. ಪಟ್ಟಿ ಇಲ್ಲ.

ಪಟ್ಟಿ ಏಕೆ ಬೇಡ?

ಹಿಂದಿನವರ ತರ್ಕ ಹೀಗಿತ್ತು: ಗಾಯದ ಮೇಲೆ ರೆಪ್ಪೆ ಉಜ್ಜುತ್ತಿದ್ದರೆ ಹೊಸ ಪದರ ಹೇಗೆ ಕೂತೀತು? ಹತ್ತಿಯ ಗಾದಿಯಿಟ್ಟು ಪ್ಲಾಸ್ಟರಿನಿಂದ ಬಿಗಿದರೆ ರೆಪ್ಪೆ ಆಡದು, ಗಾಯ ಬೇಗ ಕೂಡುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಅಳೆದು ನೋಡಿದಾಗ ಹಾಗೆ ಕಾಣಲಿಲ್ಲ.

1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಗಾಯವಾದ 223 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಟ್ಟಿ ಕಟ್ಟಿ, ಇನ್ನೊಂದಕ್ಕೆ ಕಟ್ಟದೆ ನೋಡಿದರು. ಪಟ್ಟಿ ಕಟ್ಟದವರ ಗಾಯವೇ ಬೇಗ ಕೂಡಿತು, ನೋವೂ ಅವರಿಗೇ ಕಡಿಮೆ ಇತ್ತು. ಆಮೇಲೆ ಬೇರೆ ಬೇರೆ ಕಡೆ ಇಂಥ ಪರೀಕ್ಷೆಗಳು ನಡೆದವು. 2016ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟು 12 ಪರೀಕ್ಷೆಗಳನ್ನು, ಅವುಗಳಲ್ಲಿದ್ದ 1,080 ಮಂದಿಯ ಫಲಿತಾಂಶಗಳನ್ನು ಒಟ್ಟಿಗಿಟ್ಟು ತೂಗಿ ನೋಡಿತು. ಪಟ್ಟಿಯಿಂದ ಗಾಯ ಬೇಗ ಕೂಡುವುದೂ ಇಲ್ಲ, ನೋವು ಕಡಿಮೆಯಾಗುವುದೂ ಇಲ್ಲ ಎಂಬುದೇ ಅದರ ಸಾರ.

ಕಾರಣವನ್ನು ಕಾರ್ನಿಯಾದ ಜೀವನಕ್ರಮದಲ್ಲೇ ಹುಡುಕಬೇಕು. ರಕ್ತನಾಳಗಳಿಲ್ಲದ ಈ ಪಟಲ ತನಗೆ ಬೇಕಾದ ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಕಣ್ಣು ಮುಚ್ಚಿದಾಗ ಆ ಪೂರೈಕೆ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ರಾತ್ರಿ ನಿದ್ದೆಯಲ್ಲಿ ಅದು ಸಹಜ, ಆದರೆ ಹಗಲೂ ರಾತ್ರಿ ಹೊಸ ಕೋಶಗಳು ದುಡಿಯಬೇಕಾದ ಹೊತ್ತಿನಲ್ಲಿ ಉಸಿರು ಕಟ್ಟಿಸಿದಂತಾಗುತ್ತದೆ. ಇನ್ನು ಪಟ್ಟಿಯ ಅಡಿಯಲ್ಲಿ ಕಣ್ಣು ಸುಮ್ಮನಿರುತ್ತದೆಯೇ? ಇಲ್ಲ. ತೆರೆದ ಕಣ್ಣು ಎತ್ತ ತಿರುಗಿದರೂ ಮುಚ್ಚಿದ ಕಣ್ಣು ಅತ್ತಲೇ ತಿರುಗುತ್ತದೆ. ಪಟ್ಟಿ ಸಡಿಲವಾದರಂತೂ ಒಳಗೆ ರೆಪ್ಪೆ ತೆರೆದುಕೊಂಡು ಹತ್ತಿಯೇ ಗಾಯವನ್ನು ಉಜ್ಜುತ್ತದೆ.

ನಿಜವಾಗಿ ಅಪಾಯಕಾರಿಯಾದ ಕಾರಣ ಬೇರೆಯಿದೆ. ರೆಪ್ಪೆ ಬಡಿದಾಗಲೆಲ್ಲ ಹೊಸ ಕಣ್ಣೀರು ಹರಡಿ ಹಳೆಯದನ್ನು ಕ್ರಿಮಿಯ ಸಮೇತ ಮೂಗಿನತ್ತ ಒಯ್ಯುತ್ತದೆ. ನಮ್ಮ ಹಿತ್ತಲನ್ನು ನಾವು ದಿನಾ ಗುಡಿಸಿದಂತೆ ಕಣ್ಣಿಗೆ ಅದು ಗುಡಿಸುವ ಕೆಲಸ. ಪಟ್ಟಿ ಕಟ್ಟಿದರೆ ಗುಡಿಸುವುದು ನಿಂತು, ಒಳಗೆ ಬೆಚ್ಚಗಿನ, ತೇವದ, ಕತ್ತಲ ಗೂಡು ನಿರ್ಮಾಣವಾಗುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೆ ಬೂಷ್ಟು ಹಿಡಿಯುವುದನ್ನು ನೀವು ಕಂಡಿದ್ದೀರಿ. ಪಟ್ಟಿಯೊಳಗೆ ಕ್ರಿಮಿಗೆ ಬೇಕಾದದ್ದೂ ಅಂಥದ್ದೇ ಹವೆ. ಅದಲ್ಲದೆ ಕೀವು ಬಂದರೂ, ಬಿಳಿ ಚುಕ್ಕೆ ಮೂಡಿದರೂ, ಕಾಣುವುದು ಕಡಿಮೆಯಾದರೂ ಪಟ್ಟಿ ಬಿಚ್ಚುವವರೆಗೆ ನಿಮಗೆ ತಿಳಿಯದು. ಮುಲಾಮು ಹಾಕಲೂ ಆಗದು.

ಹಾಗಾಗಿ ಎರಡು ಬಗೆಯ ಗಾಯಗಳಿಗೆ ಪಟ್ಟಿ ಸುತರಾಂ ಕೂಡದು ಎಂದು ವೈದ್ಯರು ಹೇಳುತ್ತಾರೆ. ಒಂದು, ಎಲೆ, ಕಡ್ಡಿ, ಹುಲ್ಲಿನಿಂದ ಆದದ್ದು. ಇನ್ನೊಂದು, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಆದದ್ದು. ಲೆನ್ಸಿನೊಂದಿಗೆ ಬರುವ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಒಂದೆರಡು ದಿನಗಳಲ್ಲೇ ಕಾರ್ನಿಯಾವನ್ನು ಕರಗಿಸಿಬಿಡಬಲ್ಲದು. ಲೆನ್ಸ್ ಹಾಕುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಔಷಧವೇ ಬೇರೆಯಾಗುತ್ತದೆ.

ಕಡೆಯದಾಗಿ ಒಂದು ವ್ಯವಹಾರದ ಮಾತು. ಒಂದು ಕಣ್ಣು ಮುಚ್ಚಿದರೆ ಆಳ, ದೂರದ ಅಂದಾಜು ತಪ್ಪುತ್ತದೆ. ಪಟ್ಟಿ ಕಟ್ಟಿಕೊಂಡು ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡಿನಲ್ಲಿ ಸ್ಕೂಟರ್ ಓಡಿಸುವುದು, ಪ್ಲಾಟ್‌ಫಾರ್ಮಿನ ಸಂದಿ ದಾಟಿ ಲೋಕಲ್ ಹತ್ತುವುದು ಎಂಥ ಕೆಲಸವೆಂದು ನೀವೇ ಊಹಿಸಿ. ನೋವು ತಡೆಯಲಾಗದಷ್ಟು ದೊಡ್ಡ ಗಾಯವಿದ್ದರೆ ಇಂದು ವೈದ್ಯರು ಪಟ್ಟಿಯ ಬದಲು ನಂಬರಿಲ್ಲದ ಒಂದು ಮೆತ್ತನೆಯ ಲೆನ್ಸನ್ನು ಗಾಯದ ಮೇಲೆ ಕೂರಿಸುವುದುಂಟು. ರೆಪ್ಪೆ ಅದರ ಮೇಲೆ ಜಾರುತ್ತದೆ, ಗಾಳಿಯೂ ಔಷಧವೂ ಒಳಗೆ ಹೋಗುತ್ತದೆ. ಅದನ್ನು ಇಡುವುದೂ ತೆಗೆಯುವುದೂ ಅವರ ಕೆಲಸ. ಮನೆಯಲ್ಲಿರುವ ನಿಮ್ಮ ನಂಬರಿನ ಲೆನ್ಸ್ ಇದಕ್ಕೆ ಬದಲಿಯಲ್ಲ.

ಗಾಯ ಕೂಡುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಭಾನುವಾರ ಬೆಳಗ್ಗೆ 10 ಗಂಟೆಗೆ ಅಕ್ಕನ ಮಗುವನ್ನು ಎತ್ತಿಕೊಂಡಿರಿ, ಅದರ ಉಗುರು ನಿಮ್ಮ ಬಲಗಣ್ಣಿಗೆ ತಾಗಿತು ಎಂದಿಟ್ಟುಕೊಳ್ಳಿ. ಬಣ್ಣ ಹಾಕಿ ನೋಡಿದಾಗ 4 ಮಿಲಿಮೀಟರ್ ಅಗಲದ, ಹೆಚ್ಚುಕಡಿಮೆ ದುಂಡಗಿನ ಗಾಯ.

ಮೊದಲ ನಾಲ್ಕೈದು ಗಂಟೆ ಹೊರಗೆ ಏನೂ ನಡೆಯದು. ಗಾಯದ ಅಂಚಿನ ಕೋಶಗಳು ತಾವಿದ್ದಲ್ಲಿ ಹಿಡಿದುಕೊಂಡಿದ್ದ ಕೊಂಡಿಗಳನ್ನು ಬಿಡಿಸಿಕೊಂಡು, ಚಪ್ಪಟೆಯಾಗಿ, ಸರಿಯಲು ಸಿದ್ಧವಾಗುತ್ತವೆ. ಭಾನುವಾರ ಮಧ್ಯಾಹ್ನ 3 ಗಂಟೆಯ ಹೊತ್ತಿಗೆ ಪಯಣ ಆರಂಭ. ಹೊಸ ಕೋಶ ಹುಟ್ಟುವವರೆಗೆ ಅವು ಕಾಯುವುದಿಲ್ಲ. ಇದ್ದ ಕೋಶಗಳೇ ಒಂದರ ಕೈ ಒಂದು ಬಿಡದೆ, ಚಾದರ ಎಳೆದಂತೆ, ಸುತ್ತಲಿಂದ ನಡುವಿಗೆ ಸರಿಯುತ್ತವೆ. ವೇಗ ಗಂಟೆಗೆ ಸುಮಾರು 0.06 ಮಿಲಿಮೀಟರ್. ಅಂಚಿನಿಂದ ನಡುವಿಗೆ 2 ಮಿಲಿಮೀಟರ್ ದೂರವಾದ್ದರಿಂದ ಬೇಕಾಗುವುದು ಸುಮಾರು 33 ಗಂಟೆ. ಮೊದಲಿನ ಐದು ಗಂಟೆ ಸೇರಿಸಿದರೆ 38. ಅಂದರೆ ಸೋಮವಾರ ನಡುರಾತ್ರಿಯ ಹೊತ್ತಿಗೆ ಅಂಚುಗಳು ಕೂಡಿಕೊಳ್ಳುತ್ತವೆ. ಭಾನುವಾರ ರಾತ್ರಿ ನಿದ್ದೆ ಸರಿಯಾಗಿ ಬರಲಿಕ್ಕಿಲ್ಲ, ಸೋಮವಾರ ಸಂಜೆಗೆ ನೋವು ಅರ್ಧಕ್ಕಿಂತ ಕಡಿಮೆ, ಮಂಗಳವಾರ ಬೆಳಗ್ಗೆ ಕಣ್ಣು ಸಲೀಸಾಗಿ ತೆರೆಯುತ್ತದೆ. ವೈದ್ಯರು ಮತ್ತೆ ಬಣ್ಣ ಹಾಕಿದರೆ ಹಸಿರು ನಿಲ್ಲದು. ಗಾಯ 8 ಮಿಲಿಮೀಟರ್ ಇದ್ದಿದ್ದರೆ ಇದೇ ಲೆಕ್ಕದಲ್ಲಿ ಮೂರು ದಿನ. ಲೆಕ್ಕ ಅಂದಾಜಿನದು, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ತಡವಾಗುತ್ತದೆ. ಆದರೆ ದಾರಿ ಒಂದೇ: ಪ್ರತಿದಿನ ನೋವು ಹಿಂದಿನ ದಿನಕ್ಕಿಂತ ಕಡಿಮೆಯಾಗುತ್ತಾ ಹೋಗಬೇಕು. ಈ ಒಂದು ಗುರುತನ್ನು ನೆನಪಿಡಿ.

ಮಂಗಳವಾರ ಮುಚ್ಚಿದ್ದು ತೆಳುವಾದ ಹೊದಿಕೆ ಮಾತ್ರ. ಅನಂತರ ಕೋಶಗಳು ಹುಟ್ಟಿ ಹುಟ್ಟಿ ಐದಾರು ಸಾಲು ತುಂಬಲು ಇನ್ನೂ ಹಲವು ದಿನ ಬೇಕು. ಅಲ್ಲಿಯವರೆಗೆ ನೋಟ ತುಸು ಮಂಜಾಗಿದ್ದರೆ ಅಂಜಬೇಕಾಗಿಲ್ಲ. ಮುಲಾಮು ಹಾಕಿದ ಮೇಲಂತೂ ಅರ್ಧ ಗಂಟೆ ಎಲ್ಲವೂ ಎಣ್ಣೆ ಸವರಿದಂತೆ ಕಾಣುತ್ತದೆ. ಔಷಧ ಮುಗಿದು, ವೈದ್ಯರು ಹೂಂ ಎಂದ ಮೇಲೂ ಒಂದು ವಾರ ಕಾಂಟ್ಯಾಕ್ಟ್ ಲೆನ್ಸ್ ಬೇಡ.

ಎಲೆಯ ಗಾಯದ ಮಾತೇ ಬೇರೆ

ಉಗುರಿನಲ್ಲಿರುವ ಕೊಳೆಯಲ್ಲಿ ಹೆಚ್ಚಾಗಿ ಬ್ಯಾಕ್ಟೀರಿಯಗಳು. ಎಲೆ, ಹುಲ್ಲು, ತೆನೆಯ ಮೇಲೆ ಅವುಗಳ ಜೊತೆಗೆ ಶಿಲೀಂಧ್ರದ, ಅಂದರೆ ಬೂಷ್ಟಿನ ಬೀಜಾಣುಗಳೂ ಇರುತ್ತವೆ. ನಮ್ಮ ದಕ್ಷಿಣ ಭಾರತದಲ್ಲಿ ಇದು ಎಷ್ಟು ದೊಡ್ಡ ಸಮಸ್ಯೆಯೆಂದು ಮಧುರೈಯ ಅರವಿಂದ ಕಣ್ಣಿನ ಆಸ್ಪತ್ರೆಯ ಲೆಕ್ಕದಿಂದ ತಿಳಿಯುತ್ತದೆ. 1994ರಲ್ಲಿ ಮೂರು ತಿಂಗಳಲ್ಲಿ ಕಾರ್ನಿಯಾದ ಹುಣ್ಣಿನಿಂದ ಅಲ್ಲಿಗೆ ಬಂದ 434 ಮಂದಿಯಲ್ಲಿ 284 ಮಂದಿಗೆ ಮೊದಲು ಕಣ್ಣಿಗೆ ಗಾಯವಾಗಿತ್ತು. ಪ್ರಯೋಗಾಲಯದಲ್ಲಿ ಕ್ರಿಮಿ ಬೆಳೆದು ಗುರುತು ಸಿಕ್ಕವರಲ್ಲಿ ಬ್ಯಾಕ್ಟೀರಿಯ ಇದ್ದವರು 140, ಶಿಲೀಂಧ್ರ ಇದ್ದವರು 139. ಹೆಚ್ಚುಕಡಿಮೆ ಸಮ ಸಮ.

ಶಿಲೀಂಧ್ರದ ಗುಣ ಮೆಲ್ಲಗೆ ಬರುವುದು. ಗೀರಿನ ನೋವು ಎರಡು ದಿನದಲ್ಲಿ ಇಳಿದು "ಸರಿಹೋಯಿತು" ಅನ್ನಿಸುತ್ತದೆ. ನಾಲ್ಕನೆಯ ದಿನವೋ ವಾರ ಕಳೆದೋ ಮತ್ತೆ ಕೆಂಪು, ಮತ್ತೆ ನೋವು, ಕನ್ನಡಿಯಲ್ಲಿ ನೋಡಿದರೆ ಕಪ್ಪುಗುಡ್ಡೆಯ ಮೇಲೆ ಪುಕ್ಕದಂಥ ಅಂಚಿನ ಬೂದು ಚುಕ್ಕೆ. ಈ ಹೊತ್ತಿಗೆ ಜನ ಮಾಡುವ ಕೆಲಸ, ಕೆಮಿಸ್ಟ್ ಅಂಗಡಿಗೆ ಹೋಗಿ "ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ" ಎನ್ನುವುದು. ಕೈಗೆ ಬರುವುದು ಎಷ್ಟೋ ಸಲ ಸ್ಟೀರಾಯ್ಡ್ ಬೆರೆತ ಔಷಧ. ಲೇಬಲ್ ಓದಿ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬ ಹೆಸರುಗಳಿದ್ದರೆ ಕೆಳಗಿಡಿ. ಸ್ಟೀರಾಯ್ಡ್ ಕೆಂಪನ್ನು ಒಂದೇ ದಿನದಲ್ಲಿ ಇಳಿಸುತ್ತದೆ, ಆದರೆ ಶಿಲೀಂಧ್ರದ ವಿರುದ್ಧ ದೇಹ ಹೂಡಿದ ಹೋರಾಟವನ್ನೂ ಇಳಿಸುತ್ತದೆ. ಕಣ್ಣು ಬೆಳ್ಳಗಾದ ಸಂತೋಷದಲ್ಲಿ ನೀವಿರುವಾಗ ಒಳಗೆ ಹುಣ್ಣು ಆಳಕ್ಕಿಳಿಯುತ್ತದೆ.

ಹೊತ್ತು ಎಷ್ಟು ಮುಖ್ಯ ಎಂಬುದಕ್ಕೆ ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಕೆಲಸವನ್ನು ನೋಡಬೇಕು. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಕಣ್ಣಿನ ಗೀರನ್ನು ಬಣ್ಣ ಹಾಕಿ ಗುರುತಿಸಿ, ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಾಕಿದರು. ಹೀಗೆ ಚಿಕಿತ್ಸೆ ಪಡೆದವರು 442 ಮಂದಿ. ಗಾಯವಾಗಿ 18 ಗಂಟೆಯೊಳಗೆ ಬಂದ 284 ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 18ರಿಂದ 24 ಗಂಟೆಯ ನಡುವೆ ಬಂದ 109 ಮಂದಿಯಲ್ಲಿ ನಾಲ್ವರಿಗೆ ಆಯಿತು. 24 ಗಂಟೆ ದಾಟಿ ಎರಡನೆಯ ದಿನ ಬಂದ 49 ಮಂದಿಯಲ್ಲಿ 14 ಮಂದಿಗೆ ಆಯಿತು. ಮುಲಾಮು ಅದೇ, ಕೈಗಳೂ ಅವೇ. ಬದಲಾದದ್ದು ಹೊತ್ತು ಮಾತ್ರ.

ಅಂದಮೇಲೆ ಭಾನುವಾರ ಸಂಜೆ ತೋಟದಲ್ಲಿ ಎಲೆ ಚುಚ್ಚಿದರೆ "ನಾಳೆ ಆಫೀಸ್ ಮುಗಿಸಿ ಹೋಗೋಣ" ಎನ್ನಬೇಡಿ. ಸಯನ್, ಕೆ.ಇ.ಎಂ. ಆಸ್ಪತ್ರೆಗಳಂಥ ದೊಡ್ಡ ಪಾಲಿಕೆ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗವಿದೆ. ಅಲ್ಲಿಗೆ ಹೋಗಿ "ಎಲೆ ತಾಗಿದ್ದು" ಎಂದು ಸ್ಪಷ್ಟವಾಗಿ ಹೇಳಿ. ಊರಲ್ಲಿದ್ದರೆ ತಾಲೂಕು ಆಸ್ಪತ್ರೆಗೆ ಅಂದೇ ಹೋಗಿ, ಮುಂಬಯಿಗೆ ಮರಳುವವರೆಗೆ ಕಾಯಬೇಡಿ. ಗಾಯ ಕೂಡಿದಂತೆ ಕಂಡರೂ ಎರಡು ವಾರ ದಿನಕ್ಕೊಮ್ಮೆ ಕನ್ನಡಿ ನೋಡಿ.

ಕೂಡಿದ ಗಾಯ ಮತ್ತೆ ಬಿಚ್ಚುವುದು

ಇನ್ನೊಂದು ವಿಷಯ ತಿಳಿಸದೆ ಮುಗಿಸಲಾಗದು, ಏಕೆಂದರೆ ಇದು ಉಗುರು ಮತ್ತು ಎಲೆಯ ಗಾಯಗಳಿಗೇ ಹೆಚ್ಚಾಗಿ ಅಂಟಿಕೊಂಡಿರುವ ತೊಂದರೆ. ಗೀರಾಗಿ ಒಂದೆರಡು ತಿಂಗಳಾಗಿದೆ, ನೀವು ಮರೆತೂಬಿಟ್ಟಿದ್ದೀರಿ. ಒಂದು ಮುಂಜಾನೆ ಎಚ್ಚರವಾಗಿ ಕಣ್ಣು ತೆರೆದ ಕೂಡಲೇ ಅದೇ ಚುರುಕ್ಕೆನ್ನುವ ನೋವು, ಅದೇ ನೀರು! ರಾತ್ರಿ ಯಾರೂ ಗೀರಿಲ್ಲ. ಆದದ್ದೇನು?

ಹೊಸ ಪದರ ಎರಡು ದಿನದಲ್ಲಿ ಹಾಸಿಕೊಂಡಿತು ನಿಜ, ಆದರೆ ಅಡಿಗೆ ಬಿಗಿಯಾಗಿ ಹಿಡಿದುಕೊಳ್ಳುವ ಕೊಂಡಿಗಳು ಪೂರ್ತಿ ಬೆಳೆಯಲು ಆರು ವಾರ, ಕೆಲವರಲ್ಲಿ ಅದಕ್ಕೂ ಹೆಚ್ಚು ಬೇಕು. ನೆಲಕ್ಕೆ ಗೋಂದು ಹಚ್ಚದೆ ಹಾಸಿದ ಚಾಪೆಯಂತೆ ಅದು ಕೂತಿರುತ್ತದೆ. ನಿದ್ದೆಯಲ್ಲಿ ಕಣ್ಣೀರು ಕಡಿಮೆಯಾಗಿ ರೆಪ್ಪೆ ಕಾರ್ನಿಯಾಕ್ಕೆ ಅಂಟುತ್ತದೆ. ಬೆಳಗ್ಗೆ ಥಟ್ಟನೆ ಕಣ್ಣು ತೆರೆದಾಗ ಸಡಿಲವಾದ ಚೂರು ಎದ್ದುಬರುತ್ತದೆ. ಫ್ಯಾನಿನ ಗಾಳಿ, ಏಸಿ ಇದ್ದರೆ ಇನ್ನೂ ಸುಲಭ.

ಇದನ್ನು ತಡೆಯಲು ವೈದ್ಯರು ಗಾಯ ಕೂಡಿದ ಮೇಲೂ ಕೆಲವು ವಾರ ರಾತ್ರಿ ಮಲಗುವ ಮುನ್ನ ಜಾರುವಂಥ ಮುಲಾಮು ಹಾಕಿಕೊಳ್ಳಲು ಹೇಳುತ್ತಾರೆ. ನೋವಿಲ್ಲವೆಂದು ಜನ ಅದನ್ನು ಮೊದಲ ವಾರದಲ್ಲೇ ಬಿಡುತ್ತಾರೆ. ಬಿಡಬೇಡಿ. ಬೆಳಗ್ಗೆ ಎಚ್ಚರವಾದಾಗ ಮೊದಲು ಮುಚ್ಚಿದ ರೆಪ್ಪೆಯೊಳಗೇ ಕಣ್ಣನ್ನು ನಿಧಾನವಾಗಿ ಎಡಬಲ ಆಡಿಸಿ, ಆಮೇಲೆ ತೆರೆಯಿರಿ. ಫ್ಯಾನಿಗೆ ಮುಖ ಕೊಟ್ಟು ಮಲಗಬೇಡಿ. ಇಷ್ಟಾದರೂ ಪದೇ ಪದೇ ಆಗುತ್ತಿದ್ದರೆ ಸಡಿಲ ಪದರವನ್ನು ತೆಗೆದು ಹೊಸದಾಗಿ ಕೂರುವಂತೆ ಮಾಡುವ ಚಿಕಿತ್ಸೆಗಳಿವೆ.

ಮನೆಯವರಿಗೆ ಓದಿ ಹೇಳಲು

ಮಗುವಿನ ಉಗುರನ್ನು ಅದು ನಿದ್ದೆಯಲ್ಲಿದ್ದಾಗ ವಾರಕ್ಕೊಮ್ಮೆ ಕತ್ತರಿಸಿ. ಕಬ್ಬು, ಬಾಳೆಕಂದು, ತೋರಣ ಕಟ್ಟುವವರು ಕನ್ನಡಕ ಹಾಕಿಕೊಳ್ಳಲಿ, ಸಾದಾ ಕನ್ನಡಕವಾದರೂ ಸಾಕು. ಗೀರು ಬಿದ್ದರೆ ನೀರು ಹರಿಸಿ ಅಂದೇ ವೈದ್ಯರಲ್ಲಿಗೆ ಹೋಗಿ. ಆಮೇಲೆ ನೋವು ದಿನದಿಂದ ದಿನಕ್ಕೆ ಇಳಿಯದೆ ಏರಿದರೆ, ಕೀವಿನಂಥ ಗೀಜು ಬಂದರೆ, ಬಿಳಿ ಚುಕ್ಕೆ ಕಂಡರೆ, ಕ್ಯಾಲೆಂಡರಿನ ಅಕ್ಷರ ನಿನ್ನೆಗಿಂತ ಮಸುಕಾದರೆ, ಕೊಟ್ಟ ದಿನಾಂಕಕ್ಕೆ ಕಾಯದೆ ಆ ಹೊತ್ತೇ ಮರಳಿ ಹೋಗಿ. ಹತ್ತಿ ಪಟ್ಟಿಯನ್ನು ಮನೆಯ ಔಷಧದ ಡಬ್ಬಿಯಲ್ಲೇ ಇರಲು ಬಿಡಿ, ಮೊಣಕಾಲು ತರಚಿದಾಗ ಉಪಯೋಗಕ್ಕೆ ಬರುತ್ತದೆ.